ಮಂದಿ ಹೋದ ಮೇಲೆ: ಸಾವಾದ ಮನೆಗೆ ನಾಲ್ಕನೇ ತಿಂಗಳಲ್ಲಿ ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಾಗಲಕೋಟೆಯ ನವನಗರದವಳು. ಒಂದು ವರ್ಷ ಶಿವರಾತ್ರಿ ಆಗಿ ಹತ್ತು ದಿನಕ್ಕೆ ನನ್ನ ಗೆಳತಿಯ ಯಜಮಾನರು ಹೃದಯಾಘಾತದಿಂದ ತೀರಿಕೊಂಡರು. ಅವರಿಗೆ 52 ವರ್ಷ. ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಮಣ್ಣಿಗೆ ಹೋದೆ, ಹನ್ನೊಂದನೇ ದಿನಕ್ಕೂ ಹೋದೆ. ಆಮೇಲೆ ನಾಲ್ಕು ತಿಂಗಳು ಹೋಗಲಿಲ್ಲ. ಅವಳ ಮನೆ ನನ್ನ ಮನೆಯಿಂದ ಆಟೋದಲ್ಲಿ ಹದಿನೈದು ನಿಮಿಷ. ಆ ನಾಲ್ಕು ತಿಂಗಳು ಈಗಲೂ ನನ್ನನ್ನು ಚುಚ್ಚುತ್ತವೆ. ಮಣ್ಣೆತ್ತಿನ ಅಮಾವಾಸ್ಯೆ ಮುಗಿದ ವಾರ ಕೊನೆಗೂ ಹೋದೆ. ಅಲ್ಲಿಂದ ಎರಡು ವರ್ಷ ಹೆಚ್ಚುಕಡಿಮೆ ಪ್ರತಿ ಬುಧವಾರ ಹೋಗಿದ್ದೇನೆ. ಇದನ್ನು ತಿಳಿದ ಪರಿಚಯದವರು ತಮ್ಮ ಗೆಳೆಯರ ಮನೆಯಲ್ಲಿ ಸಾವಾದಾಗ ನನ್ನನ್ನು ಕೇಳುತ್ತಾರೆ. ಅವರು ಕೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಗೆಳತಿಯನ್ನು ಕೇಳಿಯೇ ಬರೆದಿದ್ದೇನೆ.

ಹನ್ನೊಂದನೇ ದಿನ ಹೋಗಿ ಮಾತಾಡಿಸಿಕೊಂಡು ಬಂದಿದ್ದೇನಲ್ಲ, ಮತ್ತೆ ಯಾಕೆ ಹೋಗಬೇಕು?

ನಮ್ಮ ಕಡೆ ಸಾವಾದ ಮನೆಗೆ ಹೋಗುವುದಕ್ಕೆ "ಮಾತಾಡಿಸಿಕೊಂಡು ಬರೋದು" ಅಂತಾರೆ. ಆದರೆ ಆ ದಿನಗಳಲ್ಲಿ ಅವರ ಜೊತೆ ನಿಜವಾಗಿ ಮಾತಾಡಿದವರು ಯಾರು? ಬಾಗಿಲಲ್ಲಿ ಚಪ್ಪಲಿ ರಾಶಿ. ಒಳಗೆ ಹೆಂಗಸರು, ಹೊರಗೆ ಪೆಂಡಾಲಿನ ಕೆಳಗೆ ಗಂಡಸರು. ಬೀಗರು ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಮಠದ ಅಯ್ಯನವರಿಗೆ ಹೇಳಬೇಕು, ಅಡುಗೆಯವರಿಗೆ ಹೇಳಬೇಕು, ಯಾರು ಬಂದರು ಯಾರು ಬರಲಿಲ್ಲ ಅಂತ ನೋಡಬೇಕು. ಸಾವಾದ ಮನೆಯವರು ಆ ಹನ್ನೊಂದು ದಿನ ಒಂದು ಥರ ಮರಗಟ್ಟಿರುತ್ತಾರೆ. ನನ್ನ ಗೆಳತಿಗೆ ಆ ದಿನ ಯಾರು ಏನು ಹೇಳಿದರು ಅನ್ನುವುದೇ ನೆನಪಿಲ್ಲ. ನಾನು ಬಂದು ಅವಳ ಪಕ್ಕ ಎರಡು ತಾಸು ಕೂತಿದ್ದೂ ನೆನಪಿಲ್ಲ.

ಮರಗಟ್ಟಿದ್ದು ಬಿಡುವುದು ಆಮೇಲೆ. ಮಗ ಬೆಂಗಳೂರಿನ ಕೆಲಸಕ್ಕೆ ವಾಪಸ್ ಹೋಗುತ್ತಾನೆ. ಮಗಳು ಗಂಡನ ಮನೆಗೆ ಹೋಗುತ್ತಾಳೆ. ತವರಿನಿಂದ ಬಂದ ತಂಗಿ ಒಂದು ತಿಂಗಳಿದ್ದು ಹೊರಡುತ್ತಾಳೆ. ಮೂರನೇ, ನಾಲ್ಕನೇ ತಿಂಗಳಿಗೆ ಬಂದರೆ ಫೋನೂ ನಿಂತಿರುತ್ತದೆ. ಅಷ್ಟರಲ್ಲಿ ಸುತ್ತಲಿನ ಮಂದಿಗೆ "ಈಗ ಸ್ವಲ್ಪ ಸುಧಾರಿಸಿಕೊಂಡಾಳ" ಅನ್ನುವ ನಂಬಿಕೆ ಬಂದಿರುತ್ತದೆ. ಅವಳಿಗೆ ಮಾತ್ರ ಆಗ ತಾನೇ, ಅವರು ಇನ್ನು ಬರುವುದಿಲ್ಲ ಅನ್ನುವುದು ಮೈಗೆ ತಿಳಿಯಲು ಶುರುವಾಗಿರುತ್ತದೆ.

ನಮ್ಮ ಊರಿನದು ಇನ್ನೂ ಒಂದು ಕಷ್ಟ ಇದೆ. ಆಲಮಟ್ಟಿ ಹಿನ್ನೀರಿನಲ್ಲಿ ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಮುಳುಗಡೆಯಾದವು. ಒಂದೇ ಓಣಿಯ ಮನೆಗಳು ನವನಗರದ ಬೇರೆ ಬೇರೆ ಸೆಕ್ಟರಿಗೆ ಹಂಚಿಹೋದವು. ಹಳೇ ಓಣಿಯಲ್ಲಾಗಿದ್ದರೆ ಕಟ್ಟೆಯ ಮೇಲೆ ಕೂತವರಿಗೆ ಇವಳು ಎರಡು ದಿನದಿಂದ ಹೊರಗೆ ಬಂದಿಲ್ಲ ಅನ್ನುವುದು ತಾನಾಗಿ ಗೊತ್ತಾಗುತ್ತಿತ್ತು. ಅಗಲ ರಸ್ತೆ, ಕಾಂಪೌಂಡ್ ಗೋಡೆ ಇರುವ ಕಡೆ ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲಿ ಬೇಕೆಂದೇ ಹೋಗಬೇಕಾಗುತ್ತದೆ.

ಇಷ್ಟು ದಿನ ಹೋಗಿಲ್ಲ. ಈಗ ಯಾವ ಮುಖ ಇಟ್ಟುಕೊಂಡು ಹೋಗಲಿ?

ನನ್ನನ್ನು ನಾಲ್ಕು ತಿಂಗಳು ತಡೆದಿದ್ದು ಇದೇ. ಮೊದಲ ತಿಂಗಳು ಸುಮ್ನೆ ಕೆಲಸದಲ್ಲಿ ಹೋಯಿತು. ಎರಡನೇ ತಿಂಗಳು "ಹೋಗಬೇಕಿತ್ತು" ಅನ್ನಿಸಿತು. ಮೂರನೇ ತಿಂಗಳಿಗೆ ನಾಚಿಕೆ ಬಂತು. ದಿನ ಹೋದಷ್ಟೂ ನಾಚಿಕೆ ಜಾಸ್ತಿ, ನಾಚಿಕೆ ಹೆಚ್ಚಿದಷ್ಟೂ ಹೋಗುವುದು ಕಷ್ಟ.

ಒಂದೇ ಮಾತು ಹೇಳಿ, ಅಲ್ಲಿಗೆ ನಿಲ್ಲಿಸಿ. ನಾನು ಹೇಳಿದ್ದು: "ಇಷ್ಟ ದಿನ ಬರಲಿಲ್ಲ ನಾ. ತಪ್ಪಾತು." ಮಗನ ಪರೀಕ್ಷೆ, ಅತ್ತೆಯ ಮೊಣಕಾಲು, ಮನೆ ರಿಪೇರಿ ಅಂತ ಕಾರಣ ಹೇಳುತ್ತಾ ಕೂತರೆ, ಕೊನೆಗೆ ಅವಳೇ ನಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. "ಇರ್ಲಿ ಬಿಡವಾ, ಎಲ್ಲಾರಿಗೂ ಇರತೈತಿ" ಅಂತ ಅವಳ ಬಾಯಲ್ಲಿ ಹೇಳಿಸುವುದು ತಪ್ಪು. ಅವಳು ಸಿಟ್ಟಿನಿಂದ "ಈಗ ನೆನಪಾತೇನು?" ಅಂದರೂ ಕೇಳಿಸಿಕೊಳ್ಳಿ. ಸಿಟ್ಟು ಮಾಡುತ್ತಾಳೆ ಅಂದರೆ ನಿಮ್ಮ ದಾರಿ ಕಾದಿದ್ದಳು ಅಂತ ಅರ್ಥ.

ಮೊದಲೇ ಫೋನ್ ಮಾಡಬೇಕಾ? ಏನಂತ ಮಾಡಲಿ?

ಮಾಡಿ. ಆದರೆ "ಏನಾದರೂ ಬೇಕಾದ್ರೆ ಹೇಳು" ಅನ್ನಬೇಡಿ. ನಾನು ಹನ್ನೊಂದನೇ ದಿನ ಅದನ್ನೇ ಹೇಳಿ ಬಂದಿದ್ದೆ. ಅವಳು ಯಾವತ್ತೂ ಹೇಳಲಿಲ್ಲ. ಏನು ಬೇಕು ಅಂತ ಯೋಚಿಸಿ, ಯಾರಿಗೆ ಹೇಳಲಿ ಅಂತ ನೋಡಿ, ಫೋನ್ ಎತ್ತಿ ಕೇಳುವುದು ಅಂದರೆ ಅದೇ ಒಂದು ದೊಡ್ಡ ಕೆಲಸ. ದುಃಖದಲ್ಲಿ ಇರುವವರಿಗೆ ಅಷ್ಟು ತ್ರಾಣ ಇರುವುದಿಲ್ಲ.

ದಿನ, ಹೊತ್ತು, ಕೆಲಸ ಮೂರನ್ನೂ ನೀವೇ ಹೇಳಿ. "ಬುಧವಾರ ನಾಕಕ್ಕ ಬರ್ತೀನಿ. ಚಾ ಕುಡದು ಐದೂವರಿಗೆ ಹೊಂಡತೀನಿ. ಬ್ಯಾಡ ಅನಸಿದ್ರ ಹೇಳಿಬಿಡು, ಮುಂದಿನ ಬುಧವಾರ ಬರ್ತೀನಿ." ಎಷ್ಟು ಹೊತ್ತಿಗೆ ಹೊರಡುತ್ತೀರಿ ಅಂತ ಮೊದಲೇ ಹೇಳಿದರೆ ಅವಳಿಗೆ ನಿರಾಳ. ಯಾರಾದರೂ ಬಂದರೆ ಎಷ್ಟು ತಾಸು ಮುಖ ಹಿಡಿದು ಕೂರಬೇಕೋ ಅನ್ನುವ ಅಂಜಿಕೆ ಅವರಿಗೆ ಇದ್ದೇ ಇರುತ್ತದೆ.

ವಾಟ್ಸಾಪ್‌ನಲ್ಲಿ ಬರೆಯುವುದಾದರೆ ಉತ್ತರ ಬೇಡದಂತೆ ಬರೆಯಿರಿ. "ಇವತ್ತು ಮಳಿ ಬಂತು, ನಿನ್ನ ನೆನಪಾತು. ಉತ್ತರ ಬರಿಬೇಕಂತ ಇಲ್ಲ" ಅಂದರೆ ಸಾಕು. ಶುಭೋದಯದ ಹೂವಿನ ಚಿತ್ರ, ಜೀವನ ಹೀಗೆ ಹಾಗೆ ಅನ್ನುವ ಫಾರ್ವರ್ಡ್ ಬೇಡವೇ ಬೇಡ. ಆ ನಾಲ್ಕು ತಿಂಗಳಲ್ಲಿ ನಾನು ಅವಳಿಗೆ ಕಳಿಸಿದ್ದು ಅವೇ. ಅವಳ ಫೋನಿನಲ್ಲಿ ಸಾಲಾಗಿ ಇದ್ದವು, ಒಂದನ್ನೂ ತೆರೆದಿರಲಿಲ್ಲ.

"ಹೆಂಗಿದ್ದೀ" ಅಂದರೆ "ಆರಾಮ" ಅಂತಾಳೆ. ಮುಂದೆ ಮಾತೇ ಹೋಗುವುದಿಲ್ಲ. ಏನು ಕೇಳಬೇಕು?

"ಹೆಂಗಿದ್ದೀ" ಅನ್ನುವುದಕ್ಕೆ ನಮ್ಮಲ್ಲಿ ಒಂದೇ ಉತ್ತರ ಇರುವುದು, "ಆರಾಮ". ಅದು ಉತ್ತರವಲ್ಲ, ರೂಢಿ. ಚಿಕ್ಕದನ್ನು ಕೇಳಿ. ರಾತ್ರಿ ಎಷ್ಟಕ್ಕೆ ಎಚ್ಚರ ಆಗತೈತಿ? ಮುಂಜಾನೆ ಏನು ಉಂಡಿ? ಯಾವ ಹೊತ್ತು ಜಾಸ್ತಿ ಕಷ್ಟ ಅನಸತೈತಿ? ಕೊನೆಯದನ್ನು ಕೇಳಿದಾಗ ನನ್ನ ಗೆಳತಿ ಒಂದು ಕ್ಷಣವೂ ಯೋಚಿಸಲಿಲ್ಲ. "ಸಂಜಿ ಆರಕ್ಕ" ಅಂದಳು. ಗಿರಣಿ ಬಂದ್ ಮಾಡಿ ಅವರು ಮೈಮೇಲಿನ ಹಿಟ್ಟು ಜಾಡಿಸಿಕೊಂಡು ಒಳಗೆ ಬರುತ್ತಿದ್ದ ಹೊತ್ತದು. ಇಪ್ಪತ್ತೈದು ವರ್ಷ ಆ ಹೊತ್ತಿಗೆ ಚಾ ಇಟ್ಟವಳು. ಈಗ ಆರಕ್ಕೆ ಕೈ ತಾನಾಗಿ ಎರಡು ಕಪ್ಪು ತೆಗೆಯುತ್ತದೆ ಅಂದಳು.

ಅದು ಗೊತ್ತಾದ ಮೇಲೆ ನಾನು ಐದೂವರೆಗೆ ಹೊರಡುವುದನ್ನು ಬಿಟ್ಟು ಏಳರ ತನಕ ಕೂರಲು ಶುರು ಮಾಡಿದೆ.

ಮಾತಿಗಿಂತ ಮುಂಚೆ ಕಣ್ಣಿಗೆ ಕಾಣುವುದೂ ಇದೆ. ಅಡುಗೆಮನೆಗೆ ಹೋಗಿ ನೀವೇ ಚಾ ಮಾಡಿ, ಬಹಳ ತಿಳಿಯುತ್ತದೆ. ನಮ್ಮ ಕಡೆ ಮನೆಯಲ್ಲಿ ರೊಟ್ಟಿ ಬುಟ್ಟಿ ಖಾಲಿ ಇರುವುದಿಲ್ಲ. ಅವಳ ಬುಟ್ಟಿಯಲ್ಲಿ ಬರೀ ಅರಿವೆ ಇತ್ತು. ಅತ್ತೆಗೆ ಗಂಜಿ ಮಾಡಿ ಕೊಡುತ್ತಿದ್ದಳು. ತಾನು ಚಹಾದಲ್ಲಿ ಬಿಸ್ಕೀಟು ಅದ್ದಿ ತಿಂದು ಮಲಗುತ್ತಿದ್ದಳು. "ನನ್ನೊಬ್ಬಾಕಿ ಸಲುವಾಗಿ ಏನ್ ರೊಟ್ಟಿ ಬಡೀಲಿ" ಅಂದಳು. ಕುಪ್ಪಸದ ತೋಳು ಸಡಿಲಾಗಿದ್ದು ಆಗ ನೋಡಿದೆ.

ಕೈಯಲ್ಲಿ ಏನು ಒಯ್ಯಬೇಕು?

ನಾನು ಮೊದಲ ಸಲ ಹಣ್ಣು ಒಯ್ದೆ. ಆಸ್ಪತ್ರೆಗೆ ಹೋದ ಹಾಗಾಯಿತು. ಎರಡನೇ ಸಲದಿಂದ ಹತ್ತು ಕಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಅಥವಾ ಅಗಸಿ ಚಟ್ನಿ ಒಯ್ದೆ. ಕಡಕ್ ರೊಟ್ಟಿ ವಾರ ಇದ್ದರೂ ಕೆಡುವುದಿಲ್ಲ. ಹಸಿವಾದಾಗ ಒಲೆ ಹಚ್ಚದೆ ತಿನ್ನಬಹುದು. ಪಲ್ಯ, ಸಾರು ತಂದರೆ ಅವತ್ತೇ ಉಣ್ಣಬೇಕು, ಉಣ್ಣದಿದ್ದರೆ ಅದೊಂದು ತಪ್ಪಿನ ಭಾವ ಅವಳಿಗೆ. ಡಬ್ಬಿಯನ್ನು ತೊಳೆದು ಹಿಂದಿರುಗಿಸಬೇಕು ಅನ್ನುವ ಚಿಂತೆಯೂ ಬೇಡ, ಹಳೇ ಡಬ್ಬಿಯಲ್ಲಿ ಒಯ್ಯಿರಿ.

ಇದಕ್ಕಿಂತ ಉಪಯೋಗಕ್ಕೆ ಬಂದಿದ್ದು ಕೈಗೆ ಕೆಲಸ ಒಯ್ದದ್ದು. ಜೋಳ ಹಸನು ಮಾಡುವುದು, ಬ್ಯಾಡಗಿ ಮೆಣಸಿನಕಾಯಿ ತೊಟ್ಟು ಮುರಿಯುವುದು, ಶೇಂಗಾ ಒಡೆಯುವುದು. ಎದುರು ಬದುರು ಕೂತು ಮುಖ ನೋಡುತ್ತಿದ್ದರೆ ಮಾತು ಬರುವುದಿಲ್ಲ. ಮೊರದಲ್ಲಿ ಕಣ್ಣಿಟ್ಟು ಕಲ್ಲು ಆರಿಸುವಾಗ, ಯಾರೂ ಕೇಳದೆ ಇದ್ದರೂ ಮಾತು ಹೊರಗೆ ಬರುತ್ತದೆ. ಸುಮ್ಮನಿದ್ದರೂ ಕಸಿವಿಸಿ ಆಗುವುದಿಲ್ಲ, ಕೆಲಸ ನಡೆದಿರುತ್ತದೆ ಅಲ್ವಾ. ಅವರು ಸತ್ತ ರಾತ್ರಿ ಏನಾಯಿತು ಅನ್ನುವುದನ್ನು ಅವಳು ನನಗೆ ಪೂರ್ತಿ ಹೇಳಿದ್ದು ಮೂರನೇ ಬುಧವಾರ, ಎರಡು ಕಿಲೋ ಮೆಣಸಿನಕಾಯಿ ತೊಟ್ಟು ಮುರಿಯುವಾಗ.

ತೀರಿಹೋದವರ ಮಾತು ನಾವಾಗಿ ಎತ್ತಬಹುದಾ? ಮರೆತಿದ್ದನ್ನು ನೆನಪು ಮಾಡಿದ ಹಾಗೆ ಆಗುವುದಿಲ್ಲವಾ?

ಅವರು ಮರೆತೇ ಇರುವುದಿಲ್ಲ. ನೀವು ನೆನಪು ಮಾಡುತ್ತಿಲ್ಲ, ನಿಮಗೂ ನೆನಪಿದೆ ಅಂತ ತಿಳಿಸುತ್ತಿದ್ದೀರಿ.

ನನ್ನ ಗೆಳತಿ ಒಂದು ವಿಷಯ ಹೇಳಿದಳು. ತಿಂಗಳು ಕಳೆದ ಮೇಲೆ ಅವಳೆದುರು ಯಾರೂ ಅವರ ಹೆಸರು ಹೇಳುತ್ತಿರಲಿಲ್ಲ. ಅವಳು ಒಳಗೆ ಬಂದರೆ ಮಾತು ಬದಲಿಸುತ್ತಿದ್ದರು. "ಅವರು ಇದ್ದರೋ ಇಲ್ಲೋ ಅನ್ನೂ ಹಂಗಾತು" ಅಂದಳು. ಮಂದಿ ಒಳ್ಳೆಯದಕ್ಕೇ ಹಾಗೆ ಮಾಡುತ್ತಾರೆ. ಆದರೆ ಅವಳಿಗೆ ಅದು ಎರಡನೇ ಸಲ ಮಣ್ಣು ಮಾಡಿದ ಹಾಗೆ.

ಒಂದು ಸಣ್ಣ, ನಿಜವಾದ ನೆನಪು ಹೇಳಿ. "ಬಹಳ ಒಳ್ಳೇ ಮನುಷ್ಯ" ಅನ್ನುವುದು ಎಲ್ಲರ ಬಗ್ಗೆಯೂ ಹೇಳುವ ಮಾತು. ನಾನು ಹೇಳಿದ್ದು ಇಷ್ಟು: "ಅಣ್ಣಾರು ನಮ್ಮ ಜ್ವಾಳ ಬೀಸಿದಾಗೆಲ್ಲಾ, ಹಿಟ್ಟು ಬೆರಳಾಗ ತಿಕ್ಕಿ ನೋಡಿ, ಸಣ್ಣ ಆಗಿಲ್ಲ ಅಂತ ಮತ್ತೊಮ್ಮಿ ಹಾಕತಿದ್ರು. ರೊಕ್ಕ ಒಮ್ಮಿದೇ ತಗೋತಿದ್ರು." ಅವಳು ಅತ್ತಳು, ನಕ್ಕಳು, ಆಮೇಲೆ ಅರ್ಧ ತಾಸು ಅವರ ಬಗ್ಗೆಯೇ ಮಾತಾಡಿದಳು. ಒಳಗಿನ ಕೋಣೆಯಿಂದ ಅತ್ತೆಯೂ ಬಂದು ಕೂತರು.

ಆ ಅತ್ತೆಯ ಬಗ್ಗೆ ಒಂದು ಮಾತು. ಎಲ್ಲರೂ ಹೆಂಡತಿಯನ್ನು ಮಾತಾಡಿಸಿ ಹೋಗುತ್ತಾರೆ. ಮಗನನ್ನು ಕಳೆದುಕೊಂಡ ಮುದುಕಿ ಗೋಡೆಗೆ ಆತು ಕೂತಿರುತ್ತಾಳೆ. ಮೊದಲು ಅವರ ಹತ್ತಿರ ಹೋಗಿ "ಅಮ್ಮಾ" ಅಂತ ಕೈ ಹಿಡಿದು, ಆಮೇಲೆ ಗೆಳತಿಯ ಹತ್ತಿರ ಬನ್ನಿ.

ಅತ್ತರೆ ಏನು ಮಾಡಲಿ?

ಅಳಲಿ ಬಿಡಿ. ನೀರಿನ ಲೋಟ ಪಕ್ಕಕ್ಕಿಡಿ. "ಅಳಬ್ಯಾಡ" ಅನ್ನಬೇಡಿ. ಬೆನ್ನ ಮೇಲೆ ಕೈ ಇಡುವ ಸಲುಗೆ ಇದ್ದರೆ ಇಡಿ.

ಯಾವ ಮಾತು ಆಡಬಾರದು?

ನಾನೇ ಆಡಿ ಕೆಡಿಸಿದ್ದನ್ನು ಹೇಳುತ್ತೇನೆ. "ಮಕ್ಕಳ ಮುಖ ನೋಡಿ ಗಟ್ಟಿ ಆಗು" ಅಂದೆ. ಅವಳು ಅದಕ್ಕೆ ಏನೂ ಹೇಳಲಿಲ್ಲ. ಆದರೆ ಮುಂದಿನ ಎರಡು ವಾರ ನನ್ನೆದುರು ಅಳಲಿಲ್ಲ. ಗಟ್ಟಿ ಇರುವಂತೆ ತೋರಿಸಿಕೊಂಡಳು. ನಾನು ಬಂದಿದ್ದೇ ದಂಡವಾಯಿತು. "ಶಿವನ ಇಚ್ಛೆ", "ನರಳದಂಗ ಹೋದ್ರು, ಪುಣ್ಯಾ ಮಾಡಿದ್ರು" ಅನ್ನುವುದನ್ನು ಅವಳೇ ಹೇಳಿದರೆ ಹೂಂ ಅನ್ನಬಹುದು. ನಾವು ಹೇಳಬಾರದು. ನರಳದೆ ಹೋದರು ಅನ್ನುವುದು ಹೋದವರಿಗೆ ಒಳ್ಳೆಯದು. ಇದ್ದವರಿಗೆ ಒಂದು ಮಾತು ಆಡಲೂ ಸಮಯ ಸಿಗಲಿಲ್ಲ.

ಹೋದೆ, ಬಾಗಿಲು ತೆಗೆದಳು, ಮಾತೇ ಆಡಲಿಲ್ಲ. ಮತ್ತೆ ಹೋಗಲಾ?

ಹೋಗಿ. ಮೊದಲ ಬುಧವಾರ ನಾವಿಬ್ಬರೂ ಆಡಿದ ಮಾತು ಹತ್ತೂ ಇರಲಿಲ್ಲ. ಬರುವುದೇ ಬೇಡ ಅಂತ ಸ್ಪಷ್ಟವಾಗಿ ಹೇಳಿದರೆ ಅದನ್ನು ಗೌರವಿಸಿ, ಆದರೆ ವಾರಕ್ಕೊಂದು ಸಣ್ಣ ಮೆಸೇಜು ನಿಲ್ಲಿಸಬೇಡಿ. ಗೇಟಿಗೆ ಒಂದು ರೊಟ್ಟಿ ಚೀಲ ತೂಗುಹಾಕಿ ಬಂದರೂ ನಡೆಯುತ್ತದೆ.

ಕಾಗದಪತ್ರದ ವಿಷಯ ನಾನು ಕೇಳಿದರೆ ತಪ್ಪು ತಿಳಿದಾರೇ?

"ರೊಕ್ಕ ಎಷ್ಟ ಬಂತು" ಅಂತ ಕೇಳಿದರೆ ತಪ್ಪೇ. "ಯಾವ ಕಾಗದ ನಿನಗ ತೆಲಿನೋವು ಆಗೇತಿ? ಅದೊಂದನ್ನ ಇಬ್ಬರೂ ಕುಂತು ನೋಡೂಣು" ಅಂದರೆ ತಪ್ಪಲ್ಲ. ನಾಲ್ಕನೇ ತಿಂಗಳಲ್ಲಿ ಈ ಕೆಲಸ ಬಹಳ ಮನೆಗಳಲ್ಲಿ ಅರ್ಧಕ್ಕೆ ನಿಂತಿರುತ್ತದೆ. ಮಗ ಬಂದಾಗ ಮರಣ ಪ್ರಮಾಣಪತ್ರ ಮಾಡಿಸಿ ಹೋಗಿರುತ್ತಾನೆ. ಮುಂದಿನದನ್ನು ಯಾರೂ ಮುಟ್ಟಿರುವುದಿಲ್ಲ.

ನಮ್ಮಲ್ಲಿ ಆಗಿದ್ದನ್ನೇ ಹೇಳುತ್ತೇನೆ. ಅಣ್ಣಾರ ಪಾಸ್‌ಬುಕ್ಕು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಇತ್ತು. ಬ್ಯಾಂಕಿಗೆ ಒಯ್ದು ಎಂಟ್ರಿ ಹಾಕಿಸಿದೆವು. ಮನೆಗೆ ಬಂದು ಚಾ ಕುಡಿಯುತ್ತಾ ಒಂದೊಂದೇ ಸಾಲು ಓದಿದೆವು. ಹಿಂದಿನ ವರ್ಷದ ಮೇ ತಿಂಗಳಲ್ಲಿ 436 ರೂಪಾಯಿ ಕಡಿತವಾಗಿತ್ತು. ಯಾವುದೋ ಬ್ಯಾಂಕಿನ ಚಾರ್ಜು ಅಂತ ಅವಳು ತಿಳಿದಿದ್ದಳು. ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು. ಜೂನ್ 1ರಿಂದ ಮುಂದಿನ ಮೇ 31ರ ತನಕ ಅದರ ರಕ್ಷಣೆ ಇರುತ್ತದೆ. ಯಾವ ಕಾರಣಕ್ಕೆ ಸಾವಾದರೂ ನಾಮಿನಿಗೆ 2 ಲಕ್ಷ ರೂಪಾಯಿ. 50 ವರ್ಷದ ಒಳಗೆ ಸೇರಿದವರಿಗೆ 55ರ ತನಕ ಮುಂದುವರಿಯುತ್ತದೆ. ಅಣ್ಣಾರಿಗೆ 52, ತೀರಿಕೊಂಡಿದ್ದು ಮಾರ್ಚ್‌ನಲ್ಲಿ, ಎರಡೂ ಒಳಗೇ ಬಂತು. ಕ್ಲೇಮ್ ಅರ್ಜಿ ಕೊಡುವುದು ಅದೇ ಬ್ಯಾಂಕ್ ಶಾಖೆಯಲ್ಲಿ: ಮರಣ ಪ್ರಮಾಣಪತ್ರ, ನಾಮಿನಿಯ ಗುರುತಿನ ಚೀಟಿ, ಅವಳ ಖಾತೆಯ ವಿವರ. ಪಾಸ್‌ಬುಕ್ಕಿನಲ್ಲಿ 20 ರೂಪಾಯಿಯ ಕಡಿತ ಕಂಡರೆ ಅದು ಅಪಘಾತದ ವಿಮೆ ಇರಬಹುದು. ಹೃದಯಾಘಾತಕ್ಕೆ ಅದು ಸಿಗುವುದಿಲ್ಲ, ಅಪಘಾತದಲ್ಲಿ ಹೋದವರ ಮನೆಯವರು ನೋಡಬೇಕು.

ಇನ್ನೊಂದು, ಅವರ ಮೊಬೈಲ್. ಮೂರು ತಿಂಗಳು ರೀಚಾರ್ಜ್ ಇಲ್ಲದೆ, ಬಳಸದೆ ಬಿಟ್ಟರೆ ಆ ನಂಬರ್ ಬಂದ್ ಆಗಬಹುದು. ಯಾವ ಪಾಲಿಸಿ ಇತ್ತು, ಯಾವ ಸಾಲದ ಕಂತು ಇತ್ತು ಅನ್ನುವ ಮೆಸೇಜುಗಳು ಬರುವುದು ಅಲ್ಲಿಗೇ. ಕಾಗದದ ಕೆಲಸ ಮುಗಿಯುವ ತನಕ ಸಣ್ಣ ರೀಚಾರ್ಜ್ ಹಾಕಿಸಿ ಇಡಲು ಹೇಳಿ. ಗೆಳತಿಗೆ ಆ ಫೋನ್ ಬೇರೆ ಕಾರಣಕ್ಕೂ ಬೇಕಿತ್ತು. ಗಿರಾಕಿಗಳಿಗೆ ಅವರು ಕಳಿಸಿದ್ದ ಧ್ವನಿ ಮೆಸೇಜುಗಳು ಅದರಲ್ಲಿದ್ದವು. ಅವನ್ನು ಅವಳ ಫೋನಿಗೂ ಮಗಳ ಫೋನಿಗೂ ಕಳಿಸಿಟ್ಟೆವು.

ಹೊಲ ಇದ್ದರೆ ಪೌತಿ ಖಾತೆ ಮಾಡಿಸುವುದು ಇರುತ್ತದೆ. ಅದರಲ್ಲಿ ಅಣ್ಣ ತಮ್ಮಂದಿರ ಮಾತು ಸೇರಿರುತ್ತದೆ. ಅಲ್ಲಿ ಗೆಳತಿಯರಾದ ನಾವು ಜೊತೆಗೆ ನಾಡಕಚೇರಿಗೆ ಹೋಗಿ ಕೂರಬಹುದು. ಸಲಹೆ ಕೊಡಲು ಹೋಗಬಾರದು.

ನಮ್ಮ ಮನೆಯಲ್ಲಿ ಶುಭಕಾರ್ಯ ಇದೆ. ಗಂಡನನ್ನು ಕಳೆದುಕೊಂಡ ಗೆಳತಿಯನ್ನು ಕರೆಯಲಾ, ಬಿಡಲಾ?

ಕರೆಯಿರಿ. ಮನೆಗೆ ಹೋಗಿಯೇ ಕರೆಯಿರಿ. ಬರುವುದು ಬಿಡುವುದು ಅವಳಿಗೆ ಸೇರಿದ್ದು.

"ಕರೆದರೆ ನೋವಾಗತೈತಿ, ಕರೆಯದಿದ್ದರ ಚಲೋ" ಅಂತ ಬಹಳ ಮಂದಿ ತಿಳಿದಿದ್ದಾರೆ. ನನ್ನ ಗೆಳತಿಗೆ ಆ ಶ್ರಾವಣದಲ್ಲಿ ಒಂದು ಸೀಮಂತಕ್ಕೂ ಕರೆ ಬರಲಿಲ್ಲ. ಹಿಂದಿನ ವರ್ಷ ಅದೇ ಮನೆಗಳಲ್ಲಿ ಉಡಿ ತುಂಬಲು ಇವಳೇ ಮುಂದೆ ನಿಂತವಳು. ಗಂಡ ಹೋದ ನೋವಿನ ಮೇಲೆ ಊರೇ ತನ್ನನ್ನು ಬಿಟ್ಟಿತು ಅನ್ನುವ ನೋವು ಸೇರಿತು. ನನ್ನ ಮಗಳ ಸೀಮಂತಕ್ಕೆ ಕರೆಯಲು ಹೋದಾಗ ನೇರವಾಗಿ ಹೇಳಿದೆ: "ನೀ ಬರಬೇಕು. ಹಿಂದ ಕುಂದರಾಕಲ್ಲ. ಕುಂಕುಮ ಹಚ್ಚೂದು, ಉಡಿ ತುಂಬೂದು ನಿನಗ ಬೇಕಂದ್ರ ನಮಗ ಬೇಕು." ನಮ್ಮ ಅತ್ತೆಯವರ ಜೊತೆ ಮೊದಲೇ ಮಾತಾಡಿದ್ದೆ. ಇದು ಮುಖ್ಯ. ಕರೆದು ತಂದ ಮೇಲೆ ಮಂದಿಯ ನಡುವೆ ಯಾರಾದರೂ ಹಿರಿಯರು ಅವಳನ್ನು ಹಿಂದೆ ಸರಿಸಿದರೆ, ಕರೆಯದೆ ಇದ್ದದ್ದಕ್ಕಿಂತ ದೊಡ್ಡ ಗಾಯ. ಅವಳು ಬಂದಳು. ಉಡಿ ತುಂಬಲಿಲ್ಲ, "ಇನ್ನೂ ಮನಸಿಲ್ಲ" ಅಂದಳು. ಮಗಳ ತಲೆ ಮೇಲೆ ಕೈ ಇಟ್ಟು, ಉಂಡು ಹೋದಳು.

ಮೊದಲ ಹಬ್ಬಕ್ಕೆ ಏನು ಮಾಡಬೇಕು?

ನಮ್ಮ ಕಡೆ ಬಹಳ ಮನೆಗಳಲ್ಲಿ ಸಾವಾದ ವರ್ಷ ಹಬ್ಬ ಮಾಡುವುದಿಲ್ಲ. ಹಬ್ಬಗಳಲ್ಲೆಲ್ಲ ಕಠಿಣವಾದದ್ದು ನಾಗರ ಪಂಚಮಿ ಅಂತ ನನಗೆ ಅನ್ನಿಸುತ್ತದೆ. ಓಣಿಯಲ್ಲಿ ಜೋಕಾಲಿ, ಎಲ್ಲರ ಮನೆಯಿಂದ ಉಂಡಿ ಹುರಿಯುವ ವಾಸನೆ, ತವರಿಗೆ ಹೊರಟ ಹೆಣ್ಣುಮಕ್ಕಳು. ಇವಳ ಮನೆಯಲ್ಲಿ ಒಲೆಯ ಮೇಲೆ ಏನೂ ಇಲ್ಲ. ಹಬ್ಬದ ದಿನ ಹೋಗುವುದಕ್ಕಿಂತ ಹಿಂದಿನ ದಿನ ಹೋಗಿ. ಹಬ್ಬದ ಹಿಂದಿನ ರಾತ್ರಿಯೇ ಜಾಸ್ತಿ ಭಾರ ಅಂತ ಗೆಳತಿ ಹೇಳುತ್ತಿದ್ದಳು. ನಾನು ಉಂಡಿ ಕಟ್ಟಿಕೊಂಡು ಹೋಗಿ "ನೀ ತಿನ್ನದಿದ್ರೂ ಅಮ್ಮಗ ಇರ್ಲಿ" ಅಂತ ಇಟ್ಟು ಬಂದೆ.

ಹಬ್ಬಗಳ ಜೊತೆ ಬೇರೆ ತಾರೀಕುಗಳೂ ಇವೆ. ಅವರ ಹುಟ್ಟಿದ ದಿನ, ಮದುವೆಯ ದಿನ, ಗಿರಣಿ ಪೂಜೆ ಮಾಡುತ್ತಿದ್ದ ಆಯುಧಪೂಜೆ. ಇವನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಆಯುಧಪೂಜೆ ದಿನ ಗಿರಣಿಯ ಬೀಗ ತೆಗೆದು, ಕಸ ಹೊಡೆದು, ಕಲ್ಲಿಗೆ ವಿಭೂತಿ ಹಚ್ಚಿದೆವು. ಅವಳು ಕೇಳಿದ್ದಕ್ಕೆ ಮಾಡಿದ್ದು, ನಾನು ಹೇಳಿದ್ದಕ್ಕಲ್ಲ.

ಗೆಳೆಯ ಗಂಡಸಾದರೆ?

ನನಗೆ ಇದರ ಅನುಭವ ಕಡಿಮೆ, ನನ್ನ ಯಜಮಾನರು ನೋಡಿದ್ದನ್ನು ಹೇಳುತ್ತೇನೆ. ಹೆಂಡತಿ ಹೋದ ಗಂಡಸು ಮನೆಯಲ್ಲಿ ಕೂತು ಮಾತಾಡುವುದಿಲ್ಲ. ಬೈಕಿನ ಹಿಂದೆ ಕೂರಿಸಿಕೊಂಡು ಹೊಲಕ್ಕೋ ಹೋಟೆಲಿನ ಚಹಾಕ್ಕೋ ಕರೆದೊಯ್ದರೆ ದಾರಿಯಲ್ಲಿ ಮಾತಾಡುತ್ತಾನೆ. ಊರವರು ಮೂರನೇ ತಿಂಗಳಿಗೇ ಎರಡನೇ ಮದುವೆಯ ಮಾತು ಎತ್ತುತ್ತಾರೆ, ನೀವು ಎತ್ತಬೇಡಿ. ಕುಡಿತ ಶುರುವಾಗಿದೆಯಾ, ಹೆಚ್ಚಾಗಿದೆಯಾ ಅಂತ ಗಮನ ಇರಲಿ. ದುಃಖ ಮರೆಸಲು ಅಂತ ನೀವೇ ಕೂತು ಕುಡಿಸಬೇಡಿ.

ಇದು ದುಃಖವಾ, ಕಾಯಿಲೆಯಾ? ಯಾವಾಗ ಡಾಕ್ಟರ ಹತ್ತಿರ ಕರೆದೊಯ್ಯಬೇಕು?

ನಾಲ್ಕನೇ ತಿಂಗಳಲ್ಲಿ ಅಳುವುದು, ನಿದ್ದೆ ಕೆಡುವುದು, ಅವರ ದನಿ ಕೇಳಿದ ಹಾಗೆ ಆಗುವುದು ಕಾಯಿಲೆಯಲ್ಲ. ದುಃಖ ಅಲೆ ಅಲೆಯಾಗಿ ಬರುತ್ತದೆ. ಒಂದು ದಿನ ನಕ್ಕು ಮಾತಾಡಿ ಮರುದಿನ ಹಾಸಿಗೆಯಿಂದ ಏಳದೆ ಇರಬಹುದು. ನಡುವೆ ಬಿಡುವು ಸಿಗುತ್ತಿದೆಯಾ, ಆ ಬಿಡುವು ನಿಧಾನಕ್ಕೆ ಉದ್ದವಾಗುತ್ತಿದೆಯಾ ಅನ್ನುವುದನ್ನು ನೋಡಬೇಕು. ವಾರ ವಾರ ಹೋಗುವವರಿಗೆ ಇದು ಕಾಣುತ್ತದೆ. ವರ್ಷಕ್ಕೊಮ್ಮೆ ಬರುವವರಿಗೆ ಕಾಣುವುದಿಲ್ಲ.

ಬಿಡುವೇ ಇಲ್ಲದೆ, ದಿನದ ಬಹಳ ಹೊತ್ತು ಅದೇ ಹಂಬಲ, ಅದೇ ನೋವು, ಮನೆಗೆಲಸ ಸ್ನಾನ ಊಟ ಯಾವುದೂ ನಡೆಯದ ಸ್ಥಿತಿ ತಿಂಗಳುಗಟ್ಟಲೆ ಹಾಗೇ ಉಳಿದರೆ, ವೈದ್ಯರು ಅದಕ್ಕೆ ದೀರ್ಘಕಾಲದ ದುಃಖದ ತೊಂದರೆ ಅಂತ ಬೇರೆ ಹೆಸರನ್ನೇ ಇಟ್ಟಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದಕ್ಕೆ ಕನಿಷ್ಠ 6 ತಿಂಗಳು ಅಂತ ಇದೆ. ಅಮೆರಿಕದ ಮನೋವೈದ್ಯರು 2022ರಲ್ಲಿ ತಮ್ಮ ಕೈಪಿಡಿಗೆ ಸೇರಿಸಿದಾಗ ದೊಡ್ಡವರಿಗೆ 12 ತಿಂಗಳು ಅಂತ ಇಟ್ಟರು. ಅದಕ್ಕೆ ಚಿಕಿತ್ಸೆ ಇದೆ. ಆದರೆ ಅಷ್ಟು ತಿಂಗಳು ತುಂಬಲಿ ಅಂತ ಕಾಯುವ ಅಗತ್ಯ ಇಲ್ಲ. ಊಟ ಬಿಟ್ಟು ಮೈ ಇಳಿಯುತ್ತಿದ್ದರೆ, ಬಿಪಿ ಶುಗರ್ ಗುಳಿಗೆ ನಿಲ್ಲಿಸಿದ್ದರೆ, ಆವತ್ತೇ ಡಾಕ್ಟರಿಗೆ ತೋರಿಸಬೇಕು.

"ನನಗೂ ಸಾಕಾಗೇತಿ", "ಅವರ ಹಿಂದ ಹೋಗಬೇಕಿತ್ತು" ಅನ್ನುವ ಮಾತು ಬಂದರೆ ದಾಟಿಸಿ ಹೋಗಬೇಡಿ. ನನ್ನ ಗೆಳತಿ ಐದನೇ ತಿಂಗಳಲ್ಲಿ ಅಂದಳು. ನನ್ನ ಕೈ ತಣ್ಣಗಾಯಿತು. ಆದರೂ ಕೇಳಿದೆ: "ಜೀವಾ ಕಳಕೋಬೇಕು ಅಂತ ವಿಚಾರ ಬರತೈತೇನು?" ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೇಳಿಕೊಳ್ಳಲು ದಾರಿ ಸಿಗುತ್ತದೆ. ಅವಳು "ಹಂಗೇನಿಲ್ಲ, ಖರೆ ಬೆಳಗಾಗೂದು ಬ್ಯಾಡ ಅನಸತೈತಿ" ಅಂದಳು. ಅವತ್ತು ರಾತ್ರಿ ನಾನು ಅಲ್ಲೇ ಉಳಿದೆ. ಮಗನಿಗೆ ಫೋನ್ ಮಾಡುತ್ತೇನೆ ಅಂತ ಅವಳಿಗೆ ಹೇಳಿಯೇ ಮಾಡಿದೆ. ಹಿತ್ತಲಿನ ಗೂಡಿನಲ್ಲಿ ಹೊಲಕ್ಕೆ ಹೊಡೆಯುವ ಎಣ್ಣೆಯ ಡಬ್ಬಿ ಇತ್ತು. ಅದನ್ನು ನಮ್ಮ ಮನೆಗೆ ಒಯ್ದು ಬೀಗ ಹಾಕಿ ಇಟ್ಟೆ. ಒಕ್ಕಲುತನದ ಮನೆಗಳಲ್ಲಿ ಇದನ್ನು ಮೊದಲು ಮಾಡಬೇಕು.

ಮರುದಿನ ಇಬ್ಬರೂ ಕೂತು 14416ಕ್ಕೆ ಫೋನ್ ಮಾಡಿದೆವು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ಅವಳು ಮೊದಲು ಬೇಡ ಅಂದಳು, ಸ್ಪೀಕರ್ ಹಾಕಿ ನಾನು ಶುರು ಮಾಡಿದೆ, ಆಮೇಲೆ ನನ್ನನ್ನು ಹೊರಗೆ ಕಳಿಸಿ ತಾನೇ ಮಾತಾಡಿದಳು. ಮುಂದೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿದೆವು. ಇನ್ನೂ ಹೆಚ್ಚಿನ ಚಿಕಿತ್ಸೆ ಬೇಕಾದ ನಮ್ಮ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ. ಅಪಾಯ ಎದುರಿಗೇ ಇದೆ ಅನ್ನಿಸಿದರೆ ಒಬ್ಬರನ್ನೇ ಬಿಡಬೇಡಿ, 112ಕ್ಕೆ ಫೋನ್ ಮಾಡಿ ಅಥವಾ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಎಷ್ಟು ದಿನ ಹೀಗೆ ಹೋಗಬೇಕು?

ವರ್ಷದ ದಿನ ಆದ ಮೇಲೆ ಎಲ್ಲ ಸರಿಹೋಗುತ್ತದೆ ಅಂತ ನಾನು ತಿಳಿದಿದ್ದೆ. ಆಗಲಿಲ್ಲ. ವರ್ಷದ ಕಾರ್ಯಕ್ಕೆ ಮತ್ತೆ ಮಂದಿ ಕೂಡಿದರು, ಮತ್ತೆ ಹೋದರು. ಅದರ ಮರುವಾರ ಅವಳು ನಾಲ್ಕನೇ ತಿಂಗಳಿನ ಹಾಗೇ ಇದ್ದಳು. ಹಾಗಾಗಿ ವರ್ಷದ ದಿನ ಹೋಗಲು ಆಗದಿದ್ದರೂ ಅದರ ಮುಂದಿನ ವಾರ ತಪ್ಪಿಸಬೇಡಿ. ಎರಡನೇ ವರ್ಷದಲ್ಲಿ ಅವಳೇ ಕೆಲವು ಬುಧವಾರ "ಇವತ್ತ ಬ್ಯಾಡ, ಪ್ಯಾಟಿಗೆ ಹೊಂಟೀನಿ" ಅನ್ನತೊಡಗಿದಳು. ಗಿರಣಿಯನ್ನು ಬಾಡಿಗೆಗೆ ಕೊಟ್ಟಳು. ಈಗ ತಿಂಗಳಿಗೆ ಎರಡು ಸಲ ಸೇರುತ್ತೇವೆ. ಒಮ್ಮೊಮ್ಮೆ ಅವಳೇ ನಮ್ಮ ಮನೆಗೆ ಬರುತ್ತಾಳೆ.

ವಾರಕ್ಕೊಮ್ಮೆ ಆಗುವುದಿಲ್ಲ ಅನ್ನುವವರು ಹದಿನೈದು ದಿನಕ್ಕೊಮ್ಮೆ ಅಂತ ಇಟ್ಟುಕೊಳ್ಳಿ. ಆದರೆ ದಿನ ಗೊತ್ತು ಮಾಡಿ, ಅದನ್ನು ಕಾಯಿರಿ. ದಿನಾ ಬರುತ್ತೇನೆ ಅಂತ ಹೇಳಿ ಎರಡನೇ ವಾರಕ್ಕೆ ನಿಲ್ಲಿಸುವುದು ಹೋಗದೆ ಇದ್ದದ್ದಕ್ಕಿಂತ ಕೆಟ್ಟದ್ದು.

ಎದ್ದು ಬರುವಾಗ ಏನು ಹೇಳಬೇಕು?

ಸಾವಾದ ಮನೆಯಿಂದ ಹೊರಡುವಾಗ ನಮ್ಮಲ್ಲಿ "ಬರ್ತೀನಿ" ಅನ್ನುವುದಿಲ್ಲ. ಸುಮ್ಮನೆ ಎದ್ದು ಬರುತ್ತೇವೆ. ಹನ್ನೊಂದನೇ ದಿನ ಆ ಮನೆಯಿಂದ ನೂರಾರು ಮಂದಿ ಹಾಗೇ ಎದ್ದು ಹೋಗಿದ್ದರು, ನಾನೂ ಹಾಗೇ ಬಂದಿದ್ದೆ. ನಾಲ್ಕನೇ ತಿಂಗಳ ಆ ಮೊದಲ ಬುಧವಾರ ಚಪ್ಪಲಿ ಹಾಕಿಕೊಳ್ಳುವಾಗ ನನಗೆ ಅರೆಗಳಿಗೆ ಬಾಯಿ ಕಟ್ಟಿತು. ಆಮೇಲೆ ಅಂದೆ, "ಬರ್ತೀನಿ. ಮುಂದಿನ ಬುಧವಾರ."

ಅವಳು ಗೇಟಿನ ತನಕ ಬಂದಳು. "ನಾಕಕ್ಕ?" ಅಂದಳು.

"ನಾಕಕ್ಕ" ಅಂದೆ.